ಹೊಸ ಶಾಖೆಯ ಕ್ಯಾಪ್ಷನ್: ಮೊದಲ ಸಾಲಿಗೆ ಜಾಗವೋ, ಬೆಲೆಯೋ, ಆಫರೋ?

ಕೋ-ವರ್ಕಿಂಗ್ ಜಾಗದ ಹೊಸ ಶಾಖೆ ತೆರೆಯುವಾಗ ಹಾಕುವ ಕ್ಯಾಪ್ಷನ್ ಸಾಮಾನ್ಯವಾಗಿ ನಾಲ್ಕರಲ್ಲಿ ಒಂದು ಬಗೆಯಲ್ಲಿ ಶುರುವಾಗುತ್ತದೆ. ಎಲ್ಲಿದೆ ಎಂದು ಮೊದಲು ಹೇಳುವುದು, ಎಷ್ಟು ದುಡ್ಡು ಎಂದು ಹೇಳುವುದು, ಆಫರ್ ಮುಂದಿಡುವುದು, ಇಲ್ಲವೇ ಒಳಗಿನ ಸೌಕರ್ಯ ಹೇಳುವುದು. ನಾಲ್ಕನ್ನೂ ಒಂದೇ ಪೋಸ್ಟಿನಲ್ಲಿ ತುರುಕುವವರೇ ಹೆಚ್ಚು. ಹಾಗೆ ಮಾಡಿದರೆ ಫ್ರೀಲ್ಯಾನ್ಸರ್‌ಗೆ ಬೇಕಾದ್ದು ಎಂಟನೇ ಸಾಲಿನಲ್ಲಿ ಕೂತಿರುತ್ತದೆ, ಸ್ಟಾರ್ಟಪ್‌ನವರಿಗೆ ಬೇಕಾದ್ದು ಎಲ್ಲೂ ಇರುವುದಿಲ್ಲ. ಯಾವ ಸೀಟು ಮೊದಲು ತುಂಬಬೇಕು ಎಂಬುದು ಗೊತ್ತಾದರೆ ಯಾವ ಬಗೆ ಆರಿಸಬೇಕು ಎಂಬುದೂ ತಾನಾಗಿ ಗೊತ್ತಾಗುತ್ತದೆ.

ಮಾತು ಗಾಳಿಯಲ್ಲಿ ಹೋಗದಿರಲಿ ಎಂದು ಒಂದು ಉದಾಹರಣೆ ಹಿಡಿದುಕೊಳ್ಳೋಣ. ಬೆಂಗಳೂರಿನ ಜಯನಗರದಲ್ಲಿ, ಆರ್.ವಿ. ರೋಡ್ ಮೆಟ್ರೊ ನಿಲ್ದಾಣದ ಹತ್ತಿರ, ಒಂದು ಕಾಲ್ಪನಿಕ ಶಾಖೆ. ಒಟ್ಟು 60 ಸೀಟು. ಅದರಲ್ಲಿ 36 ಹಾಟ್ ಡೆಸ್ಕ್, ಅಂದರೆ ಬಂದವರು ಖಾಲಿ ಇದ್ದಲ್ಲಿ ಕೂರುವ ಜಾಗ. ಉಳಿದ 24 ಸೀಟು ನಾಲ್ಕು ನಾಲ್ಕು ಜನರ ಆರು ಕ್ಯಾಬಿನ್‌ಗಳಲ್ಲಿ. ದಿನದ ಪಾಸ್ ₹500, ತಿಂಗಳ ಹಾಟ್ ಡೆಸ್ಕ್ ₹7,000, ಕ್ಯಾಬಿನ್ ತಿಂಗಳಿಗೆ ₹36,000. ಎಲ್ಲದಕ್ಕೂ ಜಿಎಸ್‌ಟಿ ಬೇರೆ. ಕೆಲಸ ಆರಂಭ ಸೆಪ್ಟೆಂಬರ್ 7, ಸೋಮವಾರ.

ಕಣ್ಣಿಗೆ ಬೀಳುವ ಜಾಗ ಎಷ್ಟು

ಇನ್‌ಸ್ಟಾಗ್ರಾಂ ಕ್ಯಾಪ್ಷನ್‌ಗೆ 2,200 ಕ್ಯಾರೆಕ್ಟರ್ ತನಕ ಅವಕಾಶ ಕೊಡುತ್ತದೆ. ಆದರೆ ಫೀಡಿನಲ್ಲಿ ಸುಮಾರು 125 ಆದಮೇಲೆ ಉಳಿದದ್ದು ಮಡಚಿಕೊಳ್ಳುತ್ತದೆ, ಓದಬೇಕಾದರೆ ಒತ್ತಬೇಕು. ಲಿಂಕ್ಡ್‌ಇನ್‌ನಲ್ಲಿ 3,000 ತನಕ ಬರೆಯಬಹುದು, ಕಾಣುವುದು ಮೊದಲ ಮೂರು ಸಾಲಿನ ಆಸುಪಾಸು. ಹಾಗಾಗಿ ಆಯ್ಕೆಯ ಪ್ರಶ್ನೆಯೆಲ್ಲ ಆ ಮೊದಲ ತುಣುಕಿನದ್ದು.

ಕನ್ನಡದಲ್ಲಿ ಬರೆಯುವಾಗ ಇನ್ನೊಂದು ಲೆಕ್ಕ ಸೇರುತ್ತದೆ. ಕಂಪ್ಯೂಟರ್ ಎಣಿಸುವುದು ನಮ್ಮ ಅಕ್ಷರಗಳನ್ನಲ್ಲ, ವ್ಯಂಜನ, ಗುಣಿತದ ಚಿಹ್ನೆ, ಒತ್ತು ಕೊಡುವ ಹಲಂತ ಇವನ್ನೆಲ್ಲ ಬಿಡಿಬಿಡಿಯಾಗಿ. "ಸ್ಟಾರ್ಟಪ್" ಎಂಬುದು ಕಣ್ಣಿಗೆ ಮೂರೇ ಅಕ್ಷರ, ಎಣಿಕೆಯಲ್ಲಿ ಒಂಬತ್ತು. ಈಗ ಎಲ್ಲರೂ ಬರೆಯುವ ಈ ಸಾಲು ನೋಡಿ:

"ನಮ್ಮ ಪ್ರೀತಿಯ ಗ್ರಾಹಕರ ನಿರಂತರ ಬೆಂಬಲದಿಂದ ನಮ್ಮ ಮೂರನೇ ಶಾಖೆಯನ್ನು ಜಯನಗರದಲ್ಲಿ ಆರಂಭಿಸುತ್ತಿದ್ದೇವೆ ಎಂದು ತಿಳಿಸಲು ಸಂತೋಷವಾಗುತ್ತಿದೆ"

ಇದು 116 ಕ್ಯಾರೆಕ್ಟರ್. ಕಾಣುವ ಜಾಗವೆಲ್ಲ ಮುಗಿಯಿತು, ಓದುಗನಿಗೆ ಸಿಕ್ಕ ಮಾಹಿತಿ "ಜಯನಗರ" ಒಂದೇ. ಅದೇ ಜಾಗದಲ್ಲಿ ಇದೂ ಹಿಡಿಸುತ್ತದೆ:

"ಜಯನಗರದಲ್ಲಿ ದಿನಕ್ಕೆ ₹590ಕ್ಕೆ ಡೆಸ್ಕ್, ಜಿಎಸ್‌ಟಿ ಸೇರಿ. ಆರ್.ವಿ. ರೋಡ್ ಮೆಟ್ರೊದಿಂದ 6 ನಿಮಿಷ ನಡಿಗೆ. ಸೆಪ್ಟೆಂಬರ್ 7ರಿಂದ."

ಇದು 107. ಏರಿಯಾ, ಬೆಲೆ, ದೂರ, ತಾರೀಖು ನಾಲ್ಕೂ ಬಂದವು. ಮಡಚುವ ಗೆರೆ ಫೋನಿನ ಅಗಲ ಮತ್ತು ಅಕ್ಷರದ ಗಾತ್ರದ ಮೇಲೆ ಆಚೀಚೆ ಆಗುವುದರಿಂದ 125ರ ಅಂಚಿಗೆ ಹೋಗದೆ 110ರೊಳಗೆ ನಿಲ್ಲಿಸುವುದು ಕ್ಷೇಮ. ಪೋಸ್ಟ್ ಮಾಡುವ ಮುಂಚೆ ಫಾಂಟ್ ದೊಡ್ಡದು ಮಾಡಿಕೊಂಡಿರುವ ಯಾರದಾದರೂ ಫೋನಿನಲ್ಲಿ ಒಮ್ಮೆ ನೋಡಿಬಿಡಿ.

ಜಾಗ ಮೊದಲು

ನಿಲ್ದಾಣ, ಬಸ್ ಸ್ಟಾಪ್ ಅಥವಾ ಎಲ್ಲರಿಗೂ ಗೊತ್ತಿರುವ ಸರ್ಕಲ್ ಪಕ್ಕದಲ್ಲೇ ಇದ್ದರೆ ಈ ಬಗೆ ಬೇರೆಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ನಮ್ಮ ಉದಾಹರಣೆಯ ಶಾಖೆಗೆ ಆ ಅದೃಷ್ಟ ಇದೆ. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಶುರುವಾದಮೇಲೆ ಆರ್.ವಿ. ರೋಡ್, ಹಸಿರು ಮಾರ್ಗದಿಂದ ಬೊಮ್ಮಸಂದ್ರದ ಕಡೆಗೆ ಬದಲಿಸುವ ನಿಲ್ದಾಣವಾಯಿತು. ಅಂದರೆ ಎಲೆಕ್ಟ್ರಾನಿಕ್ ಸಿಟಿ ಕಡೆಯ ಗ್ರಾಹಕರನ್ನು ಭೇಟಿಯಾಗಬೇಕಾದ ಫ್ರೀಲ್ಯಾನ್ಸರ್‌ಗೂ, ಯಲಚೇನಹಳ್ಳಿಯಿಂದ ಬರುವವರಿಗೂ ಅದು ದಾರಿಯಲ್ಲೇ ಸಿಗುವ ಜಾಗ. ಹೀಗಿರುವಾಗ "ದಕ್ಷಿಣ ಬೆಂಗಳೂರಿನ ಹೃದಯಭಾಗದಲ್ಲಿ" ಎಂದು ಬರೆಯುವುದು ಕೈಯಲ್ಲಿದ್ದದ್ದನ್ನು ಬಿಸಾಡಿದಂತೆ. ಹೃದಯಭಾಗದಲ್ಲಿ ಇಲ್ಲದ ಕಟ್ಟಡ ಬೆಂಗಳೂರಿನ ಜಾಹೀರಾತುಗಳಲ್ಲಿ ಇನ್ನೂ ಹುಟ್ಟಿಲ್ಲ.

ದೂರವನ್ನು ನಿಮಿಷದಲ್ಲಿ ಹೇಳುವುದಾದರೆ ನಡೆದೇ ಅಳೆಯಬೇಕು. ನಿಲ್ದಾಣದ ಮೆಟ್ಟಿಲು ಇಳಿದಲ್ಲಿಂದ ಶುರು ಮಾಡಿ, ರಸ್ತೆ ದಾಟಿ, ಲಿಫ್ಟ್ ಹತ್ತಿ, ರಿಸೆಪ್ಷನ್ ಮುಟ್ಟುವ ತನಕ. ಸಾಧಾರಣ ನಡಿಗೆಯಲ್ಲಿ 6 ನಿಮಿಷಕ್ಕೆ 500 ಮೀಟರ್‌ಗೆ ಸ್ವಲ್ಪ ಕಡಿಮೆ ಆಗುತ್ತದೆ. ಮ್ಯಾಪಿನಲ್ಲಿ ನೇರ ಗೆರೆ ಎಳೆದು "3 ನಿಮಿಷ" ಎಂದವರ ಬಳಿ ಮೊದಲ ದಿನ ಬಂದವರು 9 ನಿಮಿಷ ನಡೆದು ಬೆವರಿಕೊಂಡು ಬರುತ್ತಾರೆ. ಅವರ ಮೊದಲ ರಿವ್ಯೂ ಅದರ ಬಗ್ಗೆಯೇ ಇರುತ್ತದೆ.

ಈ ಬಗೆಯ ಮಿತಿ ಒಂದು: ಶಾಖೆ ಒಳರಸ್ತೆಯಲ್ಲಿದ್ದು, ಗುರುತಿಗೆ ಏನೂ ಇಲ್ಲದಿದ್ದರೆ ಜಾಗದಿಂದ ಶುರು ಮಾಡಿ ಪ್ರಯೋಜನವಿಲ್ಲ. ಆಗ ಏರಿಯಾದ ಹೆಸರಷ್ಟೇ ಹೇಳಿ ಬೆಲೆಗೆ ಹೋಗಿ.

ಬೆಲೆ ಮೊದಲು

ಬೆಲೆ ಬರೆಯದೆ "ವಿವರಗಳಿಗೆ ಮೆಸೇಜ್ ಮಾಡಿ" ಎನ್ನುವ ಅಭ್ಯಾಸಕ್ಕೆ ಕಾರಣ ಇದೆ. ಬೆಲೆ ಕೇಳಲು ಬಂದವರ ಜೊತೆ ಮಾತು ಬೆಳೆಸಬಹುದು, ಪಕ್ಕದ ಜಾಗದವರಿಗೆ ನಮ್ಮ ದರ ತಿಳಿಯುವುದಿಲ್ಲ. ಕ್ಯಾಬಿನ್ ವಿಷಯದಲ್ಲಿ ಇದಕ್ಕೆ ಸ್ವಲ್ಪ ಅರ್ಥವಿದೆ, ಅಲ್ಲಿ ಅವಧಿ, ಸೀಟಿನ ಸಂಖ್ಯೆ ನೋಡಿ ದರ ಬದಲಾಗುತ್ತದೆ. ದಿನದ ಪಾಸಿಗೆ ಯಾವ ಅರ್ಥವೂ ಇಲ್ಲ. ನಾಳೆ ಬೆಳಿಗ್ಗೆ ಕೂರಲು ಜಾಗ ಹುಡುಕುತ್ತಿರುವವರು ನಿಮ್ಮ ಉತ್ತರಕ್ಕೆ ಕಾಯುವ ಬದಲು ಪಕ್ಕದ ಕಾಫಿ ಅಂಗಡಿಗೆ ಹೋಗುತ್ತಾರೆ.

ಬೆಲೆ ಬರೆಯುವಾಗ ಎಡವುವುದು ಜಿಎಸ್‌ಟಿಯಲ್ಲಿ. ಕೋ-ವರ್ಕಿಂಗ್ ಸೇವೆಗೆ 18% ತೆರಿಗೆ. ಸೇವೆ ಕೊಡುವವರ ವಾರ್ಷಿಕ ವಹಿವಾಟು ₹20 ಲಕ್ಷದೊಳಗಿದ್ದರೆ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ಬಹಳಷ್ಟು ಫ್ರೀಲ್ಯಾನ್ಸರ್‌ಗಳು ಹೀಗೆ ನೋಂದಣಿ ಇಲ್ಲದೆಯೇ ಇರುತ್ತಾರೆ. ಅವರಿಗೆ ಆ 18% ಪೂರ್ತಿ ಖರ್ಚು, ಎಲ್ಲೂ ವಾಪಸ್ ಬರುವುದಿಲ್ಲ. ನಿಮ್ಮ ತಿಂಗಳ ₹7,000, ಅವರ ಜೇಬಿನಿಂದ ಹೋಗುವಾಗ ₹8,260. ದಿನದ ₹500 ಅವರಿಗೆ ₹590. ಆದ್ದರಿಂದ ಅವರಿಗೆ ಹೇಳುವ ಕ್ಯಾಪ್ಷನ್‌ನಲ್ಲಿ ತೆರಿಗೆ ಸೇರಿಸಿದ ಅಂಕಿಯೇ ಇರಬೇಕು. ₹500 ಎಂದು ಓದಿ ಬಂದವರಿಗೆ ಕೌಂಟರಿನಲ್ಲಿ ₹590 ಕೇಳಿದರೆ ಜಗಳ ಆಗದಿರಬಹುದು, ಆದರೆ ಎರಡನೇ ಸಲ ಬರುವುದು ಅನುಮಾನ.

ನೋಂದಣಿ ಇರುವ ಸ್ಟಾರ್ಟಪ್‌ನವರ ಲೆಕ್ಕವೇ ಬೇರೆ. ಅವರು ತಮ್ಮ ಜಿಎಸ್‌ಟಿ ಸಂಖ್ಯೆ ಹಾಕಿಸಿ ಬಿಲ್ ತೆಗೆದುಕೊಂಡರೆ ₹36,000ದ ಮೇಲಿನ ₹6,480 ಇನ್‌ಪುಟ್ ಕ್ರೆಡಿಟ್ ಆಗಿ ಸಿಗುತ್ತದೆ. ಅವರ ತಲೆಯಲ್ಲಿರುವ ಬೆಲೆ ₹36,000. ಅವರ ಮುಂದೆ ₹42,480 ಎಂದು ಬರೆದರೆ ಸುಮ್ಮನೆ ದುಬಾರಿಯಾಗಿ ಕಾಣುತ್ತೀರಿ. ಅಲ್ಲಿ "₹36,000 + ಜಿಎಸ್‌ಟಿ" ಎಂದೇ ಇರಲಿ, "ಜಿಎಸ್‌ಟಿ ಬಿಲ್ ಸಿಗುತ್ತದೆ" ಎಂಬ ಮಾತೂ ಜೊತೆಗಿರಲಿ. ಒಂದೇ ಕ್ಯಾಪ್ಷನ್ ಇಬ್ಬರಿಗೂ ಸಾಲದು ಎನ್ನಲು ಇದೊಂದೇ ಕಾರಣ ಸಾಕು.

"₹7,000ದಿಂದ ಆರಂಭ" ಎಂಬ ಪದಪ್ರಯೋಗದ ಬಗ್ಗೆಯೂ ಎಚ್ಚರ ಬೇಕು. ಆ ದರದಲ್ಲಿ ನಿಜಕ್ಕೂ ಸಿಗುವ ಸೀಟುಗಳಿದ್ದರೆ ಸರಿ. ಆರು ತಿಂಗಳ ಹಣ ಒಟ್ಟಿಗೆ ಕಟ್ಟಿದವರಿಗೆ ಮಾತ್ರ ಆ ದರ ಎಂದಾದರೆ ಷರತ್ತು ಅದೇ ವಾಕ್ಯದಲ್ಲಿ ಬರಬೇಕು. ದಾರಿತಪ್ಪಿಸುವ ಜಾಹೀರಾತುಗಳ ಬಗ್ಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜೂನ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಷರತ್ತಿನ ಸಾಲು ಜಾಹೀರಾತಿನ ಮಾತು ಯಾವ ಭಾಷೆಯಲ್ಲಿದೆಯೋ ಅದೇ ಭಾಷೆಯಲ್ಲಿರಬೇಕು. ಕನ್ನಡದಲ್ಲಿ ದೊಡ್ಡದಾಗಿ ಆಫರ್, ಕೆಳಗೆ ಇಂಗ್ಲಿಷಿನಲ್ಲಿ ಸಣ್ಣದಾಗಿ ಷರತ್ತು ಎಂಬ ಹಳೇ ಪದ್ಧತಿಗೆ ಅಲ್ಲಿ ಜಾಗವಿಲ್ಲ.

ಆಫರ್ ಮೊದಲು

ಹೊಸ ಶಾಖೆ ಎಂದಮೇಲೆ ಆಫರ್ ಇರಬೇಕೆಂದು ಜನರೂ ಅಂದುಕೊಂಡಿರುತ್ತಾರೆ. ಯಾವ ಆಫರ್ ಎಂಬುದರಲ್ಲಿ ಫಲಿತಾಂಶ ಪೂರ್ತಿ ಬದಲಾಗುತ್ತದೆ. ಮೂರನ್ನು ಪಕ್ಕಪಕ್ಕ ಇಟ್ಟು ನೋಡೋಣ.

"ಮೊದಲ ದಿನ ಉಚಿತ" ಎಂಬುದು ಜನರನ್ನು ಬಾಗಿಲ ತನಕ ತರಲು ಒಳ್ಳೆಯದು. ಕೆಡುವುದು ಎಣಿಕೆಯಲ್ಲಿ. ಮಿತಿ ಹಾಕದೆ ಬರೆದರೆ ಸೋಮವಾರ ಎಲ್ಲರೂ ಒಟ್ಟಿಗೆ ಬರುತ್ತಾರೆ, ದುಡ್ಡು ಕೊಟ್ಟು ಸೇರಿದವರಿಗೆ ಕೂರಲು ಜಾಗವಿರುವುದಿಲ್ಲ, ಗುರುವಾರ ಜಾಗ ಭಣಭಣ ಎನ್ನುತ್ತದೆ. 36 ಡೆಸ್ಕ್ ಇರುವಲ್ಲಿ ದಿನಕ್ಕೆ 10 ಡೆಸ್ಕ್ ಟ್ರಯಲ್‌ಗೆ ಎಂದು ಮೀಸಲಿಟ್ಟು ಐದು ದಿನಕ್ಕೆ 50 ಜನ ಎಂದು ಕಟ್ಟಿಕೊಳ್ಳಿ. ಕ್ಯಾಪ್ಷನ್‌ನಲ್ಲಿ "ಸೆಪ್ಟೆಂಬರ್ 7ರಿಂದ 11, ದಿನಕ್ಕೆ 10 ಸೀಟು, ಮೊದಲೇ ಬುಕ್ ಮಾಡಿ" ಎಂದು ಬರೆದರೆ ಮುಗಿಯಿತು. ಉಚಿತ ಎಂದಮೇಲೆ ಬಾಗಿಲಲ್ಲಿ ಡಿಪಾಸಿಟ್ ಕೇಳಬಾರದು. ಗುರುತಿನ ಚೀಟಿ ಬೇಕಿದ್ದರೆ ಅದನ್ನೂ ಮೊದಲೇ ಹೇಳಿ.

"ಮೊದಲ ತಿಂಗಳು ಅರ್ಧ ಬೆಲೆ" ಎಂದರೆ ₹3,500ಕ್ಕೆ ಒಂದು ತಿಂಗಳು. ಬೇಗ ತುಂಬುತ್ತದೆ, ಬೇಗ ಖಾಲಿಯೂ ಆಗುತ್ತದೆ. ಆ ದರಕ್ಕೆ ಬಂದವರಿಗೆ ಎರಡನೇ ತಿಂಗಳ ₹7,000 ಏರಿಕೆಯಂತೆ ಕಾಣುವುದರಿಂದ ಅಲ್ಲಿಗೇ ಬಿಡುತ್ತಾರೆ. "ಎರಡು ತಿಂಗಳು ಕಟ್ಟಿ, ಮೂರನೆಯದಕ್ಕೆ ಕಟ್ಟಬೇಡಿ" ಎಂದರೆ ಮೂರು ತಿಂಗಳಿಗೆ ₹14,000, ಅಂದರೆ ತಿಂಗಳಿಗೆ ಸುಮಾರು ₹4,667. ಮೂರೂ ತಿಂಗಳು ಉಳಿದವರ ಲೆಕ್ಕದಲ್ಲಿ ಅರ್ಧ ಬೆಲೆಯ ಆಫರ್‌ನಿಂದ ನಿಮಗೆ ₹17,500 ಬರುತ್ತಿತ್ತು, ಇದರಲ್ಲಿ ₹3,500 ಕಡಿಮೆ. ಆದರೂ ಹೊಸ ಶಾಖೆಗೆ ಈ ಮೂರು ತಿಂಗಳ ಆಫರೇ ಮೇಲು ಎನ್ನುವುದು ನಮ್ಮ ತೀರ್ಮಾನ. ಮೂರು ತಿಂಗಳು ಕೂತವರು ವಿಳಾಸವನ್ನು ನಾಲ್ಕು ಜನಕ್ಕೆ ಹೇಳಿರುತ್ತಾರೆ, ಮತ್ತು ಟೂರ್‌ಗೆ ಬಂದ ಸ್ಟಾರ್ಟಪ್‌ನವರಿಗೆ ಜನ ತುಂಬಿದ ಹಾಲ್ ಕಾಣಿಸುತ್ತದೆ.

"ಕೊನೆಯ 3 ಸೀಟು ಮಾತ್ರ!" ಎಂಬ ಸಾಲು ಮೊದಲ ದಿನದ ಕ್ಯಾಪ್ಷನ್‌ನಲ್ಲಿ ಬೇಡವೇ ಬೇಡ. ಇನ್ನೂ ತೆರೆಯದ ಜಾಗದಲ್ಲಿ 3 ಸೀಟು ಮಾತ್ರ ಉಳಿದಿದೆ ಎಂದರೆ ಯಾರೂ ನಂಬುವುದಿಲ್ಲ. ನಿಜವಲ್ಲದ ಅವಸರ ಹುಟ್ಟಿಸುವುದನ್ನು 2023ರ ನವೆಂಬರ್‌ನ ಡಾರ್ಕ್ ಪ್ಯಾಟರ್ನ್, ಅಂದರೆ ಗ್ರಾಹಕರ ದಾರಿತಪ್ಪಿಸುವ ಆನ್‌ಲೈನ್ ತಂತ್ರಗಳ, ಮಾರ್ಗಸೂಚಿ ಹೆಸರು ಹಿಡಿದು ತಪ್ಪೆಂದಿದೆ. ಮೊದಲು ಒಂದು ಬೆಲೆ ತೋರಿಸಿ ಕೊನೆಯಲ್ಲಿ ಇನ್ನಷ್ಟು ಸೇರಿಸುವುದೂ ಅದೇ ಪಟ್ಟಿಯಲ್ಲಿದೆ.

ಸೌಕರ್ಯ ಮೊದಲು

ಫೋಟೊದಲ್ಲಿ ಕಾಣುವುದನ್ನು ಕ್ಯಾಪ್ಷನ್‌ನಲ್ಲಿ ಬರೆಯಬೇಡಿ. ಕುರ್ಚಿ, ಗಿಡ, ಕಾಫಿ ಮಷೀನ್, ಬೆಳಕು, ಇವೆಲ್ಲ ಚಿತ್ರದ ಕೆಲಸ. ಚಿತ್ರದಲ್ಲಿ ಕಾಣದ್ದು ಮೂರು: ಕರೆಂಟ್ ಹೋದಾಗ ಏನಾಗುತ್ತದೆ, ಕಾಲ್ ಬಂದಾಗ ಎಲ್ಲಿ ಮಾತಾಡಬೇಕು, ರಾತ್ರಿ ಎಷ್ಟು ಹೊತ್ತಿನ ತನಕ ಇರಬಹುದು.

"ಕರೆಂಟ್ ಹೋದರೂ ಕಾಲ್ ಕಟ್ ಆಗಲ್ಲ" ಎಂಬ ಸಾಲು ಮಳೆಗಾಲದ ಬೆಂಗಳೂರಿನಲ್ಲಿ ಬಹಳ ಬೆಲೆಬಾಳುತ್ತದೆ, ನಿಜವಾಗಿದ್ದರೆ. ನಿಜವಾಗಬೇಕಾದರೆ ಇಂಟರ್ನೆಟ್ ಬರುವ ಮೋಡೆಮ್, ರೂಟರ್, ಸ್ವಿಚ್, ಛಾವಣಿಯಲ್ಲಿರುವ ವೈ-ಫೈ ಪಾಯಿಂಟ್‌ಗಳು ಎಲ್ಲವೂ ಯುಪಿಎಸ್ ಮೇಲೆ ಇರಬೇಕು. ಕಟ್ಟಡಕ್ಕೆ ಜನರೇಟರ್ ಇದೆ ಎಂದಷ್ಟೇ ನೆಚ್ಚಿಕೊಂಡರೆ, ಅದು ಶುರುವಾಗಿ ಲೋಡ್ ಹಿಡಿಯುವ ಕೆಲವೇ ಸೆಕೆಂಡುಗಳಲ್ಲಿ ರೂಟರ್ ಆಫ್ ಆಗಿ ಮತ್ತೆ ಏಳಲು ಒಂದೆರಡು ನಿಮಿಷ ತೆಗೆದುಕೊಳ್ಳುತ್ತದೆ. ದೀಪ ಬಂತು, ಮೀಟಿಂಗ್ ಹೋಯಿತು. ಪರೀಕ್ಷೆ ಸುಲಭ: ಯಾರನ್ನಾದರೂ ವಿಡಿಯೊ ಕಾಲ್‌ನಲ್ಲಿ ಕೂರಿಸಿ ಮೇನ್ ಸ್ವಿಚ್ ಆರಿಸಿ. ಕಾಲ್ ಉಳಿದರೆ ಆ ಸಾಲು ಬರೆಯಿರಿ. ಉಳಿಯದಿದ್ದರೆ "ಜನರೇಟರ್ ಇದೆ" ಎಂದಷ್ಟೇ ಬರೆಯಿರಿ. "ಹೈಸ್ಪೀಡ್ ಇಂಟರ್ನೆಟ್" ಎಂಬುದಕ್ಕಿಂತ "ಎರಡು ಬೇರೆ ಕಂಪನಿಯ ಲೈನ್, ಒಂದು ಹೋದರೆ ಇನ್ನೊಂದು" ಎಂಬುದು ನಂಬಿಕೆ ಹುಟ್ಟಿಸುತ್ತದೆ. ಎರಡೂ ಕೇಬಲ್ ಒಂದೇ ಕಂಬದಿಂದ ಬಂದಿದ್ದರೆ ಮರದ ಕೊಂಬೆ ಬಿದ್ದಾಗ ಎರಡೂ ಹೋಗುತ್ತವೆ, ಅದನ್ನು ಕೇಬಲ್ ಎಳೆಯುವಾಗಲೇ ನೋಡಿಕೊಳ್ಳಬೇಕು.

"24 ಗಂಟೆ ತೆರೆದಿರುತ್ತದೆ" ಎಂದು ಬರೆಯುವ ಮುಂಚೆ ಕಟ್ಟಡದ ಮಾಲೀಕರನ್ನು ಕೇಳಿ. ಲಿಫ್ಟ್ ರಾತ್ರಿ 10ಕ್ಕೆ ನಿಲ್ಲುತ್ತದೆಯೇ, ವಾಚ್‌ಮನ್ ಗೇಟ್ ಹಾಕುತ್ತಾನೆಯೇ, ಎಸಿ ಎಷ್ಟು ಗಂಟೆ ತನಕ? ಅಮೆರಿಕದ ಗ್ರಾಹಕರಿಗೆ ಕೆಲಸ ಮಾಡುವ ಫ್ರೀಲ್ಯಾನ್ಸರ್ ಈ ಒಂದು ಸಾಲನ್ನು ನಂಬಿಯೇ ಸೇರುತ್ತಾರೆ.

ಸೌಕರ್ಯವನ್ನು ಮೊದಲ ಸಾಲಿಗೆ ತರುವುದು ಮಾತ್ರ ಅಪರೂಪಕ್ಕೆ ಸರಿಹೋಗುತ್ತದೆ. ಸುತ್ತ ನಾಲ್ಕು ಕೋ-ವರ್ಕಿಂಗ್ ಜಾಗಗಳಿದ್ದು, ಎಲ್ಲರ ದರವೂ ಒಂದೇ ಆಗಿದ್ದಾಗ. ಉಳಿದಂತೆ ಅದರ ಸ್ಥಾನ ಎರಡನೇ ಪ್ಯಾರಾ.

ಫ್ರೀಲ್ಯಾನ್ಸರ್‌ಗೊಂದು, ಸ್ಟಾರ್ಟಪ್‌ಗೊಂದು

ಇಬ್ಬರೂ ಒಂದೇ ಹಾಲ್‌ನಲ್ಲಿ ಕೂತರೂ ತೀರ್ಮಾನ ಮಾಡುವ ರೀತಿ ಬೇರೆ. ಫ್ರೀಲ್ಯಾನ್ಸರ್ ಇವತ್ತು ಓದಿ ನಾಳೆ ಬರುತ್ತಾರೆ. ನಾಲ್ಕು ಜನರ ಕಂಪನಿ ಮೊದಲು ಬಂದು ನೋಡುತ್ತದೆ, ಪಾಲುದಾರರು ಮಾತಾಡಿಕೊಳ್ಳುತ್ತಾರೆ, ಅಡ್ವಾನ್ಸ್ ಎಷ್ಟು, ಲಾಕ್-ಇನ್ ಎಷ್ಟು ತಿಂಗಳು, ಬಿಡುವಾಗ ಎಷ್ಟು ದಿನ ಮೊದಲು ಹೇಳಬೇಕು ಎಂದು ಕೇಳುತ್ತದೆ. ಅದಕ್ಕೇ ಉದ್ಘಾಟನೆಯ ದಿನದ ಇನ್‌ಸ್ಟಾಗ್ರಾಂ ಪೋಸ್ಟ್ ಹಾಟ್ ಡೆಸ್ಕ್‌ಗೆ ಮೀಸಲಿರಲಿ. ಕ್ಯಾಬಿನ್‌ನ ಪೋಸ್ಟ್ ಎರಡು ಮೂರು ವಾರ ಮೊದಲೇ ಲಿಂಕ್ಡ್‌ಇನ್‌ಗೆ ಹೋಗಲಿ, ಬಾಗಿಲು ತೆರೆಯುವ ಹೊತ್ತಿಗೆ ಮಾತುಕತೆ ಅರ್ಧ ಮುಗಿದಿರುತ್ತದೆ.

ಸ್ಟಾರ್ಟಪ್‌ನವರ ಕಣ್ಣು ನಿಲ್ಲುವ ಇನ್ನೊಂದು ವಿಷಯ ವಿಳಾಸ. ಜಿಎಸ್‌ಟಿ ನೋಂದಣಿಗೆ ಈ ಜಾಗದ ವಿಳಾಸ ಕೊಡಬೇಕಾದರೆ ಒಪ್ಪಂದ ಪತ್ರ, ಕಟ್ಟಡದ ಕರೆಂಟ್ ಬಿಲ್ ಅಥವಾ ತೆರಿಗೆ ರಸೀದಿ, ಮಾಲೀಕರ ಎನ್‌ಒಸಿ ಬೇಕಾಗುತ್ತವೆ. ಕಂಪನಿಯ ನೋಂದಾಯಿತ ಕಚೇರಿಯಾಗಿ ತೋರಿಸುವುದಾದರೆ ಬಿಲ್ ಎರಡು ತಿಂಗಳಿಗಿಂತ ಹಳೆಯದಾಗಿರಬಾರದು, ಹೊರಗೆ ಕಂಪನಿಯ ಹೆಸರಿನ ಫಲಕವೂ ಬೇಕು. ಇವನ್ನು ನೀವು ಕೊಡುತ್ತೀರಾದರೆ ಕ್ಯಾಪ್ಷನ್‌ನಲ್ಲಿ ಅದೇ ಶಬ್ದಗಳಲ್ಲಿ ಹೇಳಿ. "ವರ್ಚುವಲ್ ಆಫೀಸ್ ಸೌಲಭ್ಯ" ಎಂದರೆ ಕೇಳುವವರಿಗೆ ಎನ್‌ಒಸಿ ಸಿಗುತ್ತದೋ ಇಲ್ಲವೋ ತಿಳಿಯುವುದಿಲ್ಲ. ಇನ್ನು, ನೀವೇ ಕಟ್ಟಡವನ್ನು ಬಾಡಿಗೆಗೆ ಹಿಡಿದವರಾದರೆ, ನಿಮ್ಮ ಬಾಡಿಗೆ ಕರಾರಿನಲ್ಲಿ ಬೇರೆಯವರಿಗೆ ಜಾಗ ಕೊಡಲು ಮಾಲೀಕರ ಒಪ್ಪಿಗೆ ಇದೆಯೇ ನೋಡಿಕೊಂಡ ಮೇಲೆಯೇ ಈ ಸಾಲು ಬರೆಯಬೇಕು.

ಈ ಎಲ್ಲ ಸೇರಿ ಎರಡು ಕ್ಯಾಪ್ಷನ್ ಹೀಗಾಗುತ್ತವೆ. ಮೊದಲನೆಯದು ಫ್ರೀಲ್ಯಾನ್ಸರ್‌ಗಳಿಗೆ:

> ಜಯನಗರದಲ್ಲಿ ದಿನಕ್ಕೆ ₹590ಕ್ಕೆ ಡೆಸ್ಕ್, ಜಿಎಸ್‌ಟಿ ಸೇರಿ. ಆರ್.ವಿ. ರೋಡ್ ಮೆಟ್ರೊದಿಂದ 6 ನಿಮಿಷ ನಡಿಗೆ. ಸೆಪ್ಟೆಂಬರ್ 7ರಿಂದ.
>
> ಬೆಳಿಗ್ಗೆ 8ರಿಂದ ರಾತ್ರಿ 10, ಭಾನುವಾರ ರಜೆ. ಕಾಲ್‌ಗೆ ಬಾಗಿಲು ಹಾಕಿಕೊಳ್ಳುವ 3 ಬೂತ್. ಎರಡು ಇಂಟರ್ನೆಟ್ ಲೈನ್, ರೂಟರ್ ಯುಪಿಎಸ್ ಮೇಲೆ. ಬೈಕ್ ಪಾರ್ಕಿಂಗ್ ಇದೆ, ಕಾರಿಗೆ ಇಲ್ಲ.
>
> ಸೆ. 7ರಿಂದ 11ರ ತನಕ ಒಂದು ದಿನ ಉಚಿತವಾಗಿ ಕೂತು ನೋಡಿ. ದಿನಕ್ಕೆ 10 ಸೀಟು, ಗುರುತಿನ ಚೀಟಿ ತನ್ನಿ. ಬರುವ ದಿನವನ್ನು ಮೆಸೇಜ್ ಮಾಡಿದರೆ ಸೀಟು ಇಟ್ಟಿರುತ್ತೇವೆ.

ಕಾರ್ ಪಾರ್ಕಿಂಗ್ ಇಲ್ಲ ಎಂಬುದನ್ನು ಬಾಯಿಬಿಟ್ಟು ಹೇಳಿರುವುದನ್ನು ಗಮನಿಸಿ. ಜಯನಗರದಲ್ಲಿ ಕಾರು ನಿಲ್ಲಿಸಲು ಎರಡು ಸುತ್ತು ಹೊಡೆದು ಸಿಟ್ಟಾಗಿ ವಾಪಸ್ ಹೋಗುವವರಿಗಿಂತ, ಮೊದಲೇ ತಿಳಿದು ಮೆಟ್ರೊದಲ್ಲಿ ಬರುವವರು ವಾಸಿ. ಎರಡನೆಯದು ಸ್ಟಾರ್ಟಪ್‌ಗಳಿಗೆ:

> 4 ಜನರ ಕ್ಯಾಬಿನ್, ತಿಂಗಳಿಗೆ ₹36,000 + ಜಿಎಸ್‌ಟಿ. ಜಯನಗರ, ಸೆಪ್ಟೆಂಬರ್ 7ರಿಂದ. ಜಿಎಸ್‌ಟಿ ನೋಂದಣಿಗೆ ಎನ್‌ಒಸಿ ಕೊಡುತ್ತೇವೆ.
>
> ಅಡ್ವಾನ್ಸ್ 2 ತಿಂಗಳು, ಲಾಕ್-ಇನ್ 3 ತಿಂಗಳು, ಆಮೇಲೆ ಬಿಡುವುದಿದ್ದರೆ 30 ದಿನ ಮೊದಲು ತಿಳಿಸಿದರೆ ಸಾಕು. ತಿಂಗಳಿಗೆ 8 ಗಂಟೆ ಮೀಟಿಂಗ್ ರೂಮ್ ಇದರಲ್ಲೇ ಸೇರಿದೆ. ಐದನೆಯವರು ಸೇರಿದರೆ ಹೊರಗಿನ ಡೆಸ್ಕ್ ಸದಸ್ಯರ ದರದಲ್ಲಿ.
>
> ಇಂತಹ ಕ್ಯಾಬಿನ್ ಒಟ್ಟು ಆರು. ನೋಡಲು ಆಗಸ್ಟ್ 24ರಿಂದ ಬರಬಹುದು, ಸಮಯ ಮೆಸೇಜ್‌ನಲ್ಲಿ ಹೇಳಿ.

ಐದನೆಯವರ ಮಾತು ಸಣ್ಣದಾಗಿ ಕಾಣುತ್ತದೆ, ಆದರೆ ಬೆಳೆಯುವ ಕಂಪನಿಯ ಮೊದಲ ಭಯ ಅದೇ: ಮೂರು ತಿಂಗಳಲ್ಲಿ ಇನ್ನಿಬ್ಬರನ್ನು ತೆಗೆದುಕೊಂಡರೆ ಮತ್ತೆ ಜಾಗ ಹುಡುಕಬೇಕೇ?

ಒಂದೇ ಬರಹ ಎಲ್ಲ ಕಡೆ ಅಂಟಿಸಿದರೆ

ಇನ್‌ಸ್ಟಾಗ್ರಾಂ ಕ್ಯಾಪ್ಷನ್‌ನಲ್ಲಿ ಹಾಕಿದ ಲಿಂಕ್ ಒತ್ತಿದರೆ ತೆರೆಯುವುದಿಲ್ಲ. ಅಲ್ಲಿ ಲಿಂಕ್ ಪ್ರೊಫೈಲ್‌ಗೆ ಹೋಗಬೇಕು, ಕ್ಯಾಪ್ಷನ್‌ನಲ್ಲಿ "ಮೆಸೇಜ್ ಮಾಡಿ" ಸಾಕು. ಲೊಕೇಶನ್ ಟ್ಯಾಗ್ ಹೊಸ ಶಾಖೆಯದ್ದೇ ಇರಲಿ. ಹಳೆಯ ಶಾಖೆಯ ಟ್ಯಾಗ್ ಅಭ್ಯಾಸಬಲದಿಂದ ಉಳಿದುಬಿಟ್ಟು ಜನ ಅಲ್ಲಿಗೆ ಹೋಗುವುದು ಸಾಮಾನ್ಯ ಎಡವಟ್ಟು.

ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಲೊಕೇಶನ್ ಟ್ಯಾಗ್ ಎಂಬುದೇ ಇಲ್ಲ, ಹಾಗಾಗಿ ವಿಳಾಸ ಬರಹದಲ್ಲೇ ಇರಬೇಕು. ಲಿಂಕ್ ಅಲ್ಲಿ ಕೆಲಸ ಮಾಡುತ್ತದೆ:

```
https://wa.me/91XXXXXXXXXX?text=Day%20pass
```

ಇದನ್ನು ಒತ್ತಿದವರ ಪರದೆಯಲ್ಲಿ ಮೆಸೇಜ್ ಬರೆದಿಟ್ಟಂತೆ ತೆರೆದುಕೊಳ್ಳುತ್ತದೆ. ನಂಬರಿಗಿಂತ ಮೊದಲು ದೇಶದ ಸಂಖ್ಯೆ 91 ಬೇಕು. ಪ್ಲಸ್ ಚಿಹ್ನೆ, ಸೊನ್ನೆ, ನಡುವೆ ಅಡ್ಡಗೆರೆ ಬೇಡ. ಕೆಲಸ ಮಾಡದ ಬಹುತೇಕ ಲಿಂಕ್‌ಗಳ ಕಾಯಿಲೆ ಆ ಸೊನ್ನೆಯೇ. ಮೆಸೇಜನ್ನು ಕನ್ನಡದಲ್ಲೇ ಇಡಬಹುದು, ಆದರೆ ಲಿಂಕಿನೊಳಗೆ ಕನ್ನಡದ ಪ್ರತಿ ಕ್ಯಾರೆಕ್ಟರ್ `%E0%B2%A6` ಥರದ ಒಂಬತ್ತು ಚಿಹ್ನೆಗಳಾಗಿ ಹಿಗ್ಗುತ್ತದೆ. ಒಂದು ಸಾಲಿನ ಮಾತಿಗೆ ಅರ್ಧ ಪರದೆ ಲಿಂಕ್ ಆಗುವುದರಿಂದ ಲಿಂಕಿನಲ್ಲಿ ಮಾತ್ರ ಎರಡು ಇಂಗ್ಲಿಷ್ ಪದ ಸಾಕು.

ಗೂಗಲ್ ಬಿಸಿನೆಸ್ ಪ್ರೊಫೈಲ್‌ನ ಪೋಸ್ಟ್‌ಗೆ 1,500 ಕ್ಯಾರೆಕ್ಟರ್ ಮಿತಿ. ಬರಹದೊಳಗೆ ಫೋನ್ ನಂಬರ್ ಹಾಕಿದರೆ ಪೋಸ್ಟ್ ತಿರಸ್ಕೃತವಾಗಬಹುದು, ಅದಕ್ಕೆಂದೇ ಇರುವ ಕಾಲ್ ಬಟನ್ ಬಳಸಿ. ಹೊಸ ಶಾಖೆಗೆ ಪ್ರತ್ಯೇಕ ಪ್ರೊಫೈಲ್ ಬೇಕು, ಅದರ ಪರಿಶೀಲನೆಗೆ ದಿನಗಳು ಹಿಡಿಯುತ್ತವೆ. ಕ್ಯಾಪ್ಷನ್ ಹಾಕುವ ಹಿಂದಿನ ರಾತ್ರಿ ಅದನ್ನು ಶುರು ಮಾಡಿದರೆ "6 ನಿಮಿಷ ನಡಿಗೆ" ಓದಿದವರಿಗೆ ಮ್ಯಾಪಿನಲ್ಲಿ ಜಾಗವೇ ಸಿಗುವುದಿಲ್ಲ.

ಪೂಜೆಯ ದಿನ, ಕೆಲಸದ ದಿನ

ನಮ್ಮಲ್ಲಿ ಉದ್ಘಾಟನೆಗೆ ಮುಹೂರ್ತ ನೋಡುತ್ತಾರೆ, ಇಂಟರ್ನೆಟ್ ಲೈನ್ ಮುಹೂರ್ತ ನೋಡುವುದಿಲ್ಲ. ಶುಕ್ರವಾರ ಬೆಳಿಗ್ಗೆ ಪೂಜೆ, ಊಟ; ಕೇಬಲ್ ಬರುವುದು ಶನಿವಾರ; ಎಸಿಯವರು ಭಾನುವಾರ ಬರುತ್ತಾರಂತೆ. ಕ್ಯಾಪ್ಷನ್‌ನಲ್ಲಿ "ಸೆ. 4ರಂದು ಶುಭಾರಂಭ" ಎಂದಷ್ಟೇ ಇದ್ದರೆ ಆ ದಿನ ಲ್ಯಾಪ್‌ಟಾಪ್ ಹಿಡಿದು ಬಂದವರು ಹೋಮದ ಹೊಗೆಯ ನಡುವೆ ಪ್ಲಗ್ ಪಾಯಿಂಟ್ ಹುಡುಕುತ್ತಾರೆ. ಕ್ಯಾಪ್ಷನ್‌ನಲ್ಲಿ ಕೆಲಸ ಶುರುವಾಗುವ ತಾರೀಖು ಒಂದೇ ಇರಲಿ. ಪೂಜೆಯ ಆಹ್ವಾನ ಬೇರೆ, ಅದು ಬೇಕಾದವರಿಗೆ ಫೋನ್ ಮಾಡಿಯೇ ಹೇಳುವಂಥದ್ದು.

ಅದೇ ಕಾರಣಕ್ಕೆ ತಾರೀಖು, ಬೆಲೆ ಇವನ್ನು ಪೋಸ್ಟರ್‌ನ ಚಿತ್ರದ ಮೇಲೆ ಬರೆಸಬೇಡಿ. ಕ್ಯಾಪ್ಷನ್ ತಿದ್ದಬಹುದು, ಫಾರ್ವರ್ಡ್ ಆದ ಚಿತ್ರ ತಿದ್ದಲಾಗದು. ಚಿತ್ರದ ಮೇಲೆ ಹೆಸರು ಮತ್ತು ಏರಿಯಾ ಇದ್ದರೆ ಸಾಕು, ಬರಹ ಕಳಚಿಕೊಂಡು ಬರೀ ಫೋಟೊ ತಿರುಗಾಡಿದರೂ ಯಾರದೆಂದು ಗೊತ್ತಾಗುತ್ತದೆ.

ಆರಿಸಿದ್ದು ಸರಿಯಿತ್ತೇ ಎಂದು ತಿಳಿಯುವುದು

ಲೈಕ್‌ಗಳನ್ನು ನೋಡಿ ಏನೂ ತಿಳಿಯುವುದಿಲ್ಲ. ಹೊಸ ಶಾಖೆಯ ಪೋಸ್ಟಿಗೆ ನೆಂಟರು, ಹಳೆ ಸಹೋದ್ಯೋಗಿಗಳು, ಪೀಠೋಪಕರಣ ಮಾರಿದವರು ಎಲ್ಲರೂ ಒತ್ತುತ್ತಾರೆ. ಮೊದಲ ಎರಡು ದಿನ ಕಾಮೆಂಟ್ ಮತ್ತು ಮೆಸೇಜ್‌ನಲ್ಲಿ ಬಂದ ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. "ಎಷ್ಟು?" ಎಂದು ಹೆಚ್ಚು ಜನ ಕೇಳಿದ್ದರೆ ಬೆಲೆ ಮಡಿಕೆಯ ಕೆಳಗೆ ಹೋಗಿದೆ. "ಎಲ್ಲಿ ಬರುತ್ತೆ?" ಎಂದರೆ ನೀವು ಕೊಟ್ಟ ಗುರುತು ಊರವರಿಗೆ ಗುರುತಲ್ಲ. "ಜಿಎಸ್‌ಟಿ ಅಡ್ರೆಸ್ ಸಿಗುತ್ತಾ?" ಎಂಬುದು ಹಾಟ್ ಡೆಸ್ಕ್ ಪೋಸ್ಟಿನ ಕೆಳಗೆ ಮತ್ತೆ ಮತ್ತೆ ಬಂದರೆ ಆ ಏರಿಯಾದಲ್ಲಿ ಓದುತ್ತಿರುವವರು ಸ್ಟಾರ್ಟಪ್‌ನವರು, ಕ್ಯಾಬಿನ್ ಪೋಸ್ಟನ್ನು ಇನ್‌ಸ್ಟಾಗ್ರಾಂಗೂ ತನ್ನಿ. "ಯಾವಾಗ ಬರಬಹುದು?", "ಬುಧವಾರ ಸೀಟು ಇದೆಯಾ?" ಎಂಬ ಪ್ರಶ್ನೆಗಳೇ ಹೆಚ್ಚಿದ್ದರೆ ಮೊದಲ ಸಾಲನ್ನು ಮುಟ್ಟಬೇಡಿ, ಆ ದಿನದ ಹತ್ತು ಸೀಟು ತುಂಬಿದಾಗ ಕ್ಯಾಪ್ಷನ್ ತಿದ್ದಿ "ಬುಧವಾರ ಭರ್ತಿ" ಎಂದು ಸೇರಿಸುತ್ತಾ ಹೋಗಿ.